ಸಂಘದ ಪಾಸ್‌ಬುಕ್ ಓದುವುದು ಹೇಗೆ: ಕೊಟ್ಟ ಹಣ ಯಾವ ಕಾಲಂಗೆ ಹೋಯಿತು?

ಆಗಸ್ಟ್ ತಿಂಗಳ ಸಭೆಯಲ್ಲಿ ಒಬ್ಬ ಅಕ್ಕ 1,380 ರೂಪಾಯಿ ಕೊಟ್ಟರು. ಪುಸ್ತಕ ಬರೆಯುವವರು ಎಣಿಸಿಕೊಂಡು, ಪಾಸ್‌ಬುಕ್‌ನಲ್ಲಿ ಏನೋ ಬರೆದು, ಸಹಿ ಹಾಕಿ ವಾಪಸ್ ಕೊಟ್ಟರು. ಅಕ್ಕ ಅದನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದರು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ. ಸಹಿ ಇದೆಯಾ ಅಂತ ನೋಡುತ್ತೇವೆ, ಒಳಗಿನ ಅಂಕಿಗಳನ್ನು ನೋಡುವುದಿಲ್ಲ.

ಆ 1,380 ರೂಪಾಯಿ ಒಂದೇ ಕಡೆ ಹೋಗಿರುವುದಿಲ್ಲ. ಅದರಲ್ಲಿ 200 ಉಳಿತಾಯ. 1,000 ಸಾಲದ ಅಸಲು. 180 ಬಡ್ಡಿ. ಉಳಿತಾಯದ 200 ಈಗಲೂ ಅಕ್ಕನದೇ, ಸಂಘದಲ್ಲಿ ಇಟ್ಟಿದ್ದಾರೆ ಅಷ್ಟೇ. ಅಸಲಿನ 1,000 ಮೊದಲಿಂದಲೂ ಸಂಘದ್ದು, ಅಕ್ಕ ಅದನ್ನು ಹಿಂದಿರುಗಿಸಿದರು. ಬಡ್ಡಿಯ 180 ಈಗ ಸಂಘದ ಆದಾಯವಾಯಿತು. ವರ್ಷದ ಕೊನೆಗೆ ಅದರಲ್ಲಿ ಒಂದು ಚೂರು ಪಾಲಾಗಿ ಅಕ್ಕನಿಗೇ ಬರಬಹುದು. ಪಾಸ್‌ಬುಕ್ ಓದುವುದು ಅಂದರೆ ಕೊಟ್ಟ ಹಣ ಹೀಗೆ ಒಡೆದದ್ದು ಸರಿಯಾಗಿದೆಯಾ ಅಂತ ನೋಡುವುದು. ಕೂಡಿಸಿ ಕಳೆಯಲು ಬಂದರೆ ಸಾಕು.

ಇದೇ ಅಕ್ಕನ ಒಂದು ವರ್ಷದ ಪಾಸ್‌ಬುಕ್ಕನ್ನು ಸಾಲುಸಾಲಾಗಿ ಓದೋಣ. ಲೆಕ್ಕ ನಾನು ಕಲ್ಪಿಸಿಕೊಂಡದ್ದು. ಆದರೆ ನಮ್ಮ ಹಳ್ಳಿಗಳ ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳಲ್ಲಿ ಇಂಥ ಲೆಕ್ಕವೇ ನಡೆಯುವುದು. ಸಂಘದಲ್ಲಿ 12 ಜನ. ತಿಂಗಳಿಗೆ ತಲಾ 200 ರೂಪಾಯಿ ಉಳಿತಾಯ. ಪ್ರತಿ ತಿಂಗಳು 5ನೇ ತಾರೀಕು ಸಭೆ. ಒಳಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಿಮ್ಮ ಸಂಘ ವಾರಕ್ಕೊಮ್ಮೆ ಸೇರುವುದಾದರೆ ಸಾಲುಗಳು ಜಾಸ್ತಿ ಇರುತ್ತವೆ, ಓದುವ ರೀತಿ ಇದೇ.

## ಮೊದಲು ಪುಟಗಳನ್ನು ಗುರುತಿಸಿ

ಎಲ್ಲ ಸಂಘಗಳ ಪಾಸ್‌ಬುಕ್ ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ಉಳಿತಾಯ ಮತ್ತು ಸಾಲ ಒಂದೇ ಪುಟದಲ್ಲಿ ಅಕ್ಕಪಕ್ಕ ಇರುತ್ತವೆ. ಕೆಲವದರಲ್ಲಿ ಬೇರೆ ಬೇರೆ ಪುಟ. ಹೇಗೇ ಇರಲಿ, ನೀವು ಹುಡುಕಬೇಕಾದ್ದು ಮೂರು ಸಂಗತಿ. ಒಂದು, ಉಳಿತಾಯ ಮತ್ತು ಅದರ ಒಟ್ಟು ಮೊತ್ತ. ಎರಡು, ಸಾಲ, ಅದಕ್ಕೆ ಕಟ್ಟಿದ ಅಸಲು ಮತ್ತು ಉಳಿದ ಬಾಕಿ. ಮೂರು, ಕಟ್ಟಿದ ಬಡ್ಡಿ. ದಂಡಕ್ಕೆ ಬೇರೆ ಕಾಲಂ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅದನ್ನು ಷರಾ ಕಾಲಂನಲ್ಲಿ ಬರೆದಿರುತ್ತಾರೆ.

ಸಾಲದ ಪುಟದ ಮೇಲ್ಭಾಗದಲ್ಲಿ ಇನ್ನೊಂದು ವಿಷಯ ನೋಡಿ. ಆ ಸಾಲ ಎಲ್ಲಿಂದ ಬಂತು? ಸಂಘದ ಸ್ವಂತ ಹಣದಿಂದ ಕೊಟ್ಟದ್ದು ಒಳಸಾಲ. ಸಂಘದ ಹೆಸರಲ್ಲಿ ಬ್ಯಾಂಕಿನಿಂದ ತಂದು ಹಂಚಿದ್ದು ಬ್ಯಾಂಕ್ ಸಾಲ. ಒಕ್ಕೂಟದಿಂದ ಬಂದದ್ದು ಇನ್ನೊಂದು ಬಗೆ. ಒಳಸಾಲದ ಬಡ್ಡಿ ಪೂರ್ತಿ ಸಂಘದಲ್ಲೇ ಉಳಿಯುತ್ತದೆ. ಬ್ಯಾಂಕ್ ಸಾಲದ ಬಡ್ಡಿಯಲ್ಲಿ ದೊಡ್ಡ ಪಾಲು ಬ್ಯಾಂಕಿಗೆ ಹೋಗುತ್ತದೆ. ಸರ್ಕಾರದ ಬಡ್ಡಿ ರಿಯಾಯಿತಿ ಸಿಗುವುದೂ ಬ್ಯಾಂಕ್ ಸಾಲಕ್ಕೇ, ನಮ್ಮ ನಮ್ಮಲ್ಲೇ ಕೊಟ್ಟುಕೊಂಡ ಒಳಸಾಲಕ್ಕಲ್ಲ. ಎರಡೂ ಸಾಲ ಇದ್ದರೆ ಎರಡಕ್ಕೂ ಬೇರೆ ಬೇರೆ ಪುಟ ಇರಬೇಕು. ಒಂದೇ ಪುಟದಲ್ಲಿ ಕಲೆಸಿದರೆ ಯಾವ ಕಂತು ಯಾವ ಸಾಲಕ್ಕೆ ಹೋಯಿತು ಅಂತ ಆರು ತಿಂಗಳ ಮೇಲೆ ಬರೆದವರಿಗೇ ಗೊತ್ತಾಗುವುದಿಲ್ಲ.

ಈ ಅಕ್ಕನಿಗೆ ಇರುವುದು ಒಳಸಾಲ ಮಾತ್ರ.

## ಉಳಿತಾಯದ ಕಾಲಂ

ಇದು ಸುಲಭ. 2024ರ ಏಪ್ರಿಲ್ ಒಂದಕ್ಕೆ ಅಕ್ಕನ ಉಳಿತಾಯ 4,800 ರೂಪಾಯಿ ಇತ್ತು. ಎರಡು ವರ್ಷ, 24 ತಿಂಗಳು, ತಿಂಗಳಿಗೆ 200. ಏಪ್ರಿಲ್ ಸಭೆ ಆದ ಮೇಲೆ 5,000. ಮೇ ತಿಂಗಳಿಗೆ 5,200. ಹೀಗೇ ಏರುತ್ತಾ ಹೋಗಬೇಕು.

ಪರೀಕ್ಷೆ ಮಾಡುವುದು ಹೀಗೆ. ಸಂಘಕ್ಕೆ ಸೇರಿ ಎಷ್ಟು ತಿಂಗಳಾಯಿತು ಅಂತ ಎಣಿಸಿ, 200ರಿಂದ ಗುಣಿಸಿ. ಬಂದ ಮೊತ್ತ ಪಾಸ್‌ಬುಕ್‌ನ ಒಟ್ಟು ಉಳಿತಾಯಕ್ಕೆ ಸರಿಹೋಗಬೇಕು. ಕಡಿಮೆ ಇದ್ದರೆ ಯಾವುದೋ ತಿಂಗಳು ಕಟ್ಟಿಲ್ಲ, ಇಲ್ಲವೇ ಕಟ್ಟಿದ್ದನ್ನು ಬರೆದಿಲ್ಲ. ಜಾಸ್ತಿ ಇದ್ದರೆ ಹಿಂದಿನ ವರ್ಷದ ಬಡ್ಡಿ ಪಾಲನ್ನು ಉಳಿತಾಯಕ್ಕೆ ಸೇರಿಸಿರಬಹುದು. ಮಧ್ಯದಲ್ಲಿ ಉಳಿತಾಯದ ಮೊತ್ತ ಏರಿಸಿದ್ದರೆ, ಮೊದಲು 100 ಇದ್ದದ್ದು ಆಮೇಲೆ 200 ಆಗಿದ್ದರೆ, ಎರಡು ತುಂಡು ಮಾಡಿ ಲೆಕ್ಕ ಹಾಕಿ.

ಈ ಅಕ್ಕ ನವೆಂಬರ್ ಸಭೆಗೆ ಬರಲಿಲ್ಲ. ಆ ತಿಂಗಳ ಸಾಲಿನಲ್ಲಿ ಉಳಿತಾಯ ಖಾಲಿ ಇದೆ ಅಥವಾ ಅಡ್ಡಗೆರೆ ಎಳೆದಿದೆ. ಡಿಸೆಂಬರ್‌ನಲ್ಲಿ 400 ಅಂತ ಇದೆ, ಷರಾದಲ್ಲಿ 'ನವೆಂಬರ್ ಬಾಕಿ ಸೇರಿ' ಅಂತ ಬರೆದಿದೆ. ಬರೆಯಬೇಕಾದ ರೀತಿ ಇದೇ. ಕೆಲವರು ಹಿಂದಕ್ಕೆ ಹೋಗಿ ನವೆಂಬರ್ ಸಾಲಿನಲ್ಲೇ 200 ತುಂಬಿಬಿಡುತ್ತಾರೆ. ನೋಡಲು ಅಚ್ಚುಕಟ್ಟು, ಆದರೆ ತಪ್ಪು. ನವೆಂಬರ್ 5ಕ್ಕೆ ಸಂಘದ ನಗದು ಪುಸ್ತಕದಲ್ಲಿ ಆ 200 ಇರುವುದಿಲ್ಲ. ನಾಳೆ ಲೆಕ್ಕ ತಾಳೆ ನೋಡಿದಾಗ ಇಬ್ಬರಿಗೂ ತಲೆನೋವು.

ಮಾರ್ಚ್ ಸಭೆ ಮುಗಿದಾಗ ಅಕ್ಕನ ಉಳಿತಾಯ 7,200. ಮೂರು ವರ್ಷ, 36 ತಿಂಗಳು. ಸರಿ ಇದೆ.

## ಸಾಲದ ಪುಟ: ನಿಧಾನವಾಗಿ ಓದಬೇಕಾದ ಜಾಗ

ಜೂನ್ ಸಭೆಯಲ್ಲಿ ಅಕ್ಕ 10,000 ರೂಪಾಯಿ ಒಳಸಾಲ ಪಡೆದರು. ತಿಂಗಳಿಗೆ 1,000 ಅಸಲಿನಂತೆ ಹತ್ತು ಕಂತು, ಮೊದಲ ಕಂತು ಜುಲೈನಲ್ಲಿ. ಪಾಸ್‌ಬುಕ್‌ನಲ್ಲಿ ಸಾಲದ ಮೊತ್ತ, ತಾರೀಕು, ಬಡ್ಡಿ ದರ, ಎಷ್ಟು ಕಂತು ಇಷ್ಟೂ ಇರಬೇಕು. ಇದೇ ವಿಷಯ ಆ ದಿನದ ನಡಾವಳಿ ಪುಸ್ತಕದಲ್ಲೂ ಇರಬೇಕು. ಯಾಕೆಂದರೆ ಸಾಲ ಮಂಜೂರು ಮಾಡುವುದು ಸಭೆ, ಪುಸ್ತಕ ಬರೆಯುವವರಲ್ಲ.

ಇನ್ನು ಬಡ್ಡಿ. ನೂರಕ್ಕೆ ಎರಡು ಅಂದರೆ ಯಾವ ನೂರಕ್ಕೆ? ಆ ತಿಂಗಳು ಸಭೆಗೆ ಬರುವ ಹೊತ್ತಿಗೆ ನಿಮ್ಮ ಮೇಲೆ ಇನ್ನೂ ಇರುವ ಅಸಲಿನ ಪ್ರತಿ ನೂರಕ್ಕೆ. ಮೊದಲು ಪಡೆದ 10,000ಕ್ಕಲ್ಲ. ಅಸಲು ಇಳಿದಂತೆ ಬಡ್ಡಿಯೂ ಇಳಿಯಬೇಕು. ಈ ಒಂದು ಮಾತು ತಲೆಯಲ್ಲಿದ್ದರೆ ಸಾಲದ ಪುಟದ ಮುಕ್ಕಾಲು ಭಾಗ ಅರ್ಥವಾದ ಹಾಗೆ. ಲೆಕ್ಕ ಹಾಕುವ ದಾರಿ: ಮೇಲಿನ ಸಾಲಿನಲ್ಲಿರುವ ಉಳಿದ ಅಸಲನ್ನು ಎರಡರಿಂದ ಗುಣಿಸಿ, ನೂರರಿಂದ ಭಾಗಿಸಿ.

ಅಕ್ಕನ ಸಾಲದ ಪುಟ ಇದು. ಪೈಸೆಯನ್ನು ಬಿಟ್ಟು ರೂಪಾಯಿಗೆ ಸರಿಮಾಡಿದೆ.

| ತಿಂಗಳು | ಕಟ್ಟಿದ ಬಡ್ಡಿ | ಕಟ್ಟಿದ ಅಸಲು | ಉಳಿದ ಅಸಲು |
|---|---|---|---|
| ಜೂನ್ | – | – | 10,000 |
| ಜುಲೈ | 200 | 1,000 | 9,000 |
| ಆಗಸ್ಟ್ | 180 | 1,000 | 8,000 |
| ಸೆಪ್ಟೆಂಬರ್ | 160 | 340 | 7,660 |
| ಅಕ್ಟೋಬರ್ | 153 | 1,000 | 6,660 |
| ನವೆಂಬರ್ | – | – | 6,660 |
| ಡಿಸೆಂಬರ್ | 266 | 1,000 | 5,660 |
| ಜನವರಿ | 113 | 1,000 | 4,660 |
| ಫೆಬ್ರವರಿ | 93 | 1,000 | 3,660 |
| ಮಾರ್ಚ್ | 73 | 1,000 | 2,660 |

ಜುಲೈ ಸಾಲಿನಲ್ಲಿ ಒಂದು ತಮಾಷೆ ಇದೆ. ಆ ತಿಂಗಳು ಉಳಿತಾಯವೂ 200, ಬಡ್ಡಿಯೂ 200. ಎರಡು ಕಾಲಂ ಅದಲುಬದಲಾದರೂ ಯಾರಿಗೂ ತಿಳಿಯುವುದಿಲ್ಲ. ಆಗಸ್ಟ್‌ನಿಂದ ಮಾತ್ರ ಅಂಕಿ ಬೇರೆಯಾಗುತ್ತದೆ. ಹಾಗಾಗಿ ಹೊಸ ಸಾಲ ಪಡೆದಾಗ ಎರಡನೇ ಕಂತನ್ನು ತಪ್ಪದೆ ನೋಡಿ. ಪುಸ್ತಕ ಬರೆಯುವವರು ಉಳಿದ ಅಸಲಿನ ಮೇಲೆ ಬಡ್ಡಿ ಹಾಕುತ್ತಿದ್ದಾರಾ, ಮೊದಲಿನ ಸಾಲದ ಮೇಲಾ ಅನ್ನುವುದು ಗೊತ್ತಾಗುವುದು ಅಲ್ಲೇ.

ಸೆಪ್ಟೆಂಬರ್‌ನಲ್ಲಿ ಅಕ್ಕನ ಕೈಯಲ್ಲಿ ಇದ್ದದ್ದು 700 ರೂಪಾಯಿ ಮಾತ್ರ. ಅದನ್ನು ಹೇಗೆ ಒಡೆದರು? ಮೊದಲು ಉಳಿತಾಯ 200. ಉಳಿದ 500ರಲ್ಲಿ ಆ ತಿಂಗಳ ಬಡ್ಡಿ 160. ಮಿಕ್ಕ 340 ಅಸಲಿಗೆ. ಸಾಲದ ಹಣ ಕಡಿಮೆ ಬಂದಾಗ ಮೊದಲು ಬಡ್ಡಿ, ಆಮೇಲೆ ಅಸಲು ಅನ್ನುವುದು ವಾಡಿಕೆ. ಉಳಿತಾಯ ಮೊದಲೋ ಬಡ್ಡಿ ಮೊದಲೋ ಅನ್ನುವುದನ್ನು ಸಂಘದ ನಿಯಮಾವಳಿ ನೋಡಿ ತಿಳಿಯಿರಿ. ಕೆಲವರು 'ಅಸಲು ಕಮ್ಮಿ ಆಗಲಿ, 500ನ್ನೂ ಅಸಲಿಗೇ ಹಾಕಿ' ಅಂತ ಕೇಳುತ್ತಾರೆ. ಆಗ ಬಡ್ಡಿ ಬಾಕಿ ಅಂತ 160 ನಿಂತುಕೊಳ್ಳುತ್ತದೆ. ಅದನ್ನು ಷರಾದಲ್ಲಿ ಬರೆಯಲು ಮರೆತರೆ ಸಂಘಕ್ಕೆ ನಷ್ಟ, ಎರಡು ಸಲ ಬರೆದರೆ ನಿಮಗೆ ನಷ್ಟ.

ಆ ತಿಂಗಳು ಅಸಲು 1,000 ಇಳಿಯಲಿಲ್ಲ, 340 ಇಳಿಯಿತು. ಅದಕ್ಕೇ ಅಕ್ಟೋಬರ್ ಬಡ್ಡಿ 140 ಆಗುವ ಬದಲು 153 ಆಯಿತು. 'ಪ್ರತಿ ತಿಂಗಳು 20 ಕಮ್ಮಿ ಆಗ್ತಿತ್ತು, ಈ ಸಲ ಯಾಕೆ ಏಳೇ ರೂಪಾಯಿ ಕಮ್ಮಿ?' ಅಂತ ಅನುಮಾನ ಬಂದರೆ ಉತ್ತರ ಮೇಲಿನ ಸಾಲಿನಲ್ಲೇ ಇದೆ.

ಡಿಸೆಂಬರ್ ಸಾಲನ್ನು ಇನ್ನೊಮ್ಮೆ ನೋಡಿ. ನವೆಂಬರ್‌ನಲ್ಲಿ ಏನೂ ಕಟ್ಟಿಲ್ಲ, ಆದ್ದರಿಂದ ಅಸಲು 6,660 ಹಾಗೇ ನಿಂತಿತು. ತಿಂಗಳಿಗೆ 133 ರೂಪಾಯಿ ಚಿಲ್ಲರೆಯಂತೆ ಎರಡು ತಿಂಗಳ ಬಡ್ಡಿ 266. ಇದು ಸರಿ. ತಪ್ಪು ಹೇಗಿರುತ್ತದೆ ಅಂದರೆ, ನವೆಂಬರ್‌ನ 133ನ್ನು ಅಸಲಿಗೆ ಸೇರಿಸಿ 6,793 ಅಂತ ಮಾಡಿ, ಅದರ ಮೇಲೆ ಬಡ್ಡಿ ಹಾಕುವುದು. ಬಡ್ಡಿಗೆ ಬಡ್ಡಿ. ಒಂದು ತಿಂಗಳಿಗೆ ಮೂರು ರೂಪಾಯಿ ವ್ಯತ್ಯಾಸ, ಯಾರೂ ಗಮನಿಸುವುದಿಲ್ಲ. ಆರೇಳು ತಿಂಗಳು ಕಟ್ಟದವರ ಪುಟದಲ್ಲಿ ಅದೇ ದೊಡ್ಡದಾಗುತ್ತದೆ. ಗುರುತು ಹಿಡಿಯುವುದು ಸುಲಭ: ಹೊಸ ಸಾಲ ಪಡೆಯದೆ 'ಉಳಿದ ಅಸಲು' ಯಾವತ್ತೂ ಮೇಲೇರಬಾರದು. ಏರಿದ್ದರೆ ಯಾಕೆ ಅಂತ ಕೇಳಿ.

ಗೈರಾಗಿದ್ದಕ್ಕೆ ಡಿಸೆಂಬರ್‌ನಲ್ಲಿ 10 ರೂಪಾಯಿ ದಂಡವನ್ನೂ ಕಟ್ಟಿದ್ದಾರೆ. ದಂಡ ಸಂಘದ ಆದಾಯ. ಅದರಿಂದ ಸಾಲವೂ ಇಳಿಯುವುದಿಲ್ಲ, ಉಳಿತಾಯವೂ ಏರುವುದಿಲ್ಲ.

## ಎಲ್ಲಿ ಎಡವುತ್ತಾರೆ

ನಾನು ನೋಡಿದ ಪಾಸ್‌ಬುಕ್‌ಗಳಲ್ಲಿ ಅತಿ ಹೆಚ್ಚು ಸಿಗುವ ತಪ್ಪು, ಕೊನೆಯವರೆಗೂ ಒಂದೇ ಬಡ್ಡಿ ಬರೆಯುವುದು. ನಮ್ಮ ಅಮ್ಮನ ಪುಸ್ತಕದಲ್ಲೇ ಇತ್ತು. ಪ್ರತಿ ಸಾಲಿನಲ್ಲೂ 200, 200, 200. ಮೋಸ ಮಾಡಬೇಕು ಅಂತ ಬರೆದದ್ದಲ್ಲ. ಮೇಲಿನ ಸಾಲು ನೋಡಿಕೊಂಡು ಸುಮ್ನೆ ಇಳಿಸುತ್ತಾ ಹೋಗಿದ್ದರು. ಅಮ್ಮನೂ ಕಟ್ಟುತ್ತಾ ಹೋಗಿದ್ದರು. 'ಎಲ್ಲರೂ ಅಷ್ಟೇ ಕಟ್ತಾರಲ್ಲ' ಅನ್ನುವುದು ಅವರ ಉತ್ತರ.

ಈ ಅಕ್ಕನ ಲೆಕ್ಕದಲ್ಲೇ ನೋಡಿ. ಜುಲೈಯಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳು. ತಿಂಗಳಿಗೆ 200ರಂತೆ ಕಟ್ಟಿದ್ದರೆ 1,800. ಉಳಿದ ಅಸಲಿನ ಮೇಲೆ ಹಾಕಿದಾಗ ಆದದ್ದು 1,238. ವ್ಯತ್ಯಾಸ 562 ರೂಪಾಯಿ. ಒಂದು ಮಾತು ಹೇಳಬೇಕು: ಒಂದೇ ದರದ ಫ್ಲಾಟ್ ಬಡ್ಡಿ ಅಂತ ಸಂಘವೇ ಸಭೆಯಲ್ಲಿ ತೀರ್ಮಾನ ಮಾಡಿ ನಡಾವಳಿಯಲ್ಲಿ ಬರೆದಿದ್ದರೆ ಅದನ್ನು ತಪ್ಪು ಲೆಕ್ಕ ಅನ್ನಲಾಗದು. ದುಬಾರಿ ನಿಯಮ ಅನ್ನಬಹುದು ಅಷ್ಟೇ. ಹಾಗಾಗಿ ಜಗಳಕ್ಕೆ ಮೊದಲು ನಡಾವಳಿ ನೋಡಿ.

ಎರಡನೆಯದು ಮೊದಲೇ ಹಿಡಿದ ಬಡ್ಡಿ. 10,000 ಸಾಲ ಅಂತ ಬರೆದು ಕೈಗೆ 9,800 ಕೊಡುತ್ತಾರೆ. ಮೊದಲ ತಿಂಗಳ ಬಡ್ಡಿ 200 ಮುಂಚೆಯೇ ಹಿಡಿದುಕೊಂಡಂತೆ. ಹೀಗೆ ಮಾಡಿದ್ದರೆ ಸಾಲ ಕೊಟ್ಟ ದಿನದ ಸಾಲಿನಲ್ಲೇ ಬಡ್ಡಿ ಕಾಲಂನಲ್ಲಿ 200 ಕಾಣಬೇಕು. ಮುಂದಿನ ತಿಂಗಳು ಅಸಲು 1,000 ಕಟ್ಟುವಾಗ ಬಡ್ಡಿ ಉಳಿದ 9,000ಕ್ಕೆ, ಅಂದರೆ 180. ಜುಲೈನಲ್ಲಿ ಮತ್ತೆ 200 ಬರೆದಿದ್ದರೆ ಒಂದೇ ತಿಂಗಳಿಗೆ ಎರಡು ಸಲ ಬಡ್ಡಿ ಕೊಟ್ಟಿದ್ದೀರಿ.

ಮೂರನೆಯದು ಹಳೇ ಸಾಲ ಮುರಿದು ಹೊಸ ಸಾಲ ಮಾಡುವುದು. ಮಾರ್ಚ್ ಕೊನೆಗೆ ಅಕ್ಕನ ಮೇಲೆ 2,660 ಬಾಕಿ ಇದೆ. ಆಗ ಅವರಿಗೆ ಮತ್ತೆ 10,000 ಮಂಜೂರಾಯಿತು ಅನ್ನೋಣ. ಹಳೇ ಬಾಕಿ ಹಿಡಿದುಕೊಂಡು ಕೈಗೆ 7,340 ಕೊಡುತ್ತಾರೆ. ಪಾಸ್‌ಬುಕ್‌ನಲ್ಲಿ ಎರಡು ಸಾಲು ಇರಬೇಕು. ಒಂದರಲ್ಲಿ ಹಳೇ ಸಾಲಕ್ಕೆ 2,660 ಜಮಾ ಆಗಿ ಬಾಕಿ ಸೊನ್ನೆ. ಇನ್ನೊಂದರಲ್ಲಿ ಹೊಸ ಸಾಲ 10,000. ಹೊಸ ಸಾಲ ಬರೆದು ಹಳೆಯದನ್ನು ಮುಚ್ಚದಿದ್ದರೆ ನಿಮ್ಮ ಮೇಲೆ 12,660 ಸಾಲ ಕಾಣುತ್ತದೆ. ಕೈಗೆ ಬಂದ ಹಣ ನೋಡಿ 'ನನ್ನ ಸಾಲ 7,340 ತಾನೇ' ಅಂದುಕೊಳ್ಳುವುದೂ ತಪ್ಪು. ನಿಮ್ಮ ಸಾಲ 10,000ವೇ.

ತಪ್ಪು ಸಿಕ್ಕರೆ ತಿದ್ದುವುದು ಹೇಗೆ? ಅಳಿಸುವುದು, ವೈಟ್ನರ್ ಹಚ್ಚುವುದು ಬೇಡ. ತಪ್ಪು ಅಂಕಿ ಕಾಣುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಪ್ರತಿನಿಧಿಗಳ ಸಹಿ ಹಾಕಿಸಿ. ಹಳೇ ತಪ್ಪಾದರೆ ಹಿಂದಿನ ಸಾಲುಗಳನ್ನು ಕೆದಕುವ ಬದಲು, ಸಭೆಯಲ್ಲಿ ಓದಿ ಹೇಳಿ ಇವತ್ತಿನ ತಾರೀಕಿನಲ್ಲಿ ಹೊಸ ಸಾಲು ಬರೆಯುವುದು ಮೇಲು. 'ಹೆಚ್ಚು ಪಡೆದ ಬಡ್ಡಿ 562 ಅಸಲಿಗೆ ವರ್ಗ' ಅಂತ. ಆಗ 2,660 ಇದ್ದ ಬಾಕಿ 2,098 ಆಗುತ್ತದೆ. ಅದೇ ದಿನ ಸಂಘದ ಲೆಡ್ಜರ್‌ನಲ್ಲೂ ಅದೇ ತಿದ್ದುಪಡಿ ಆಗಬೇಕು. ಪಾಸ್‌ಬುಕ್‌ನಲ್ಲಿ ಮಾತ್ರ ತಿದ್ದಿದರೆ ಏನೂ ಪ್ರಯೋಜನವಿಲ್ಲ. ಮುಂದಿನ ತಿಂಗಳು ಅವರು ಬರೆಯುವುದು ಲೆಡ್ಜರ್ ನೋಡಿಕೊಂಡು.

## ಬಡ್ಡಿ ಪಾಲು: ಯಾರಿಗೆ ಎಷ್ಟು, ಯಾಕೆ

ಸಂಘಗಳಲ್ಲಿ ಮಾತು ಹೆಚ್ಚು ಬೆಳೆಯುವುದು ಇಲ್ಲೇ. 'ನಾನು ಸಾಲ ಜಾಸ್ತಿ ತಗೊಂಡೆ, ಬಡ್ಡಿ ಜಾಸ್ತಿ ಕಟ್ಟಿದೆ. ಸಾಲವನ್ನೇ ಮುಟ್ಟದ ಅವರಿಗೂ ನನ್ನಷ್ಟೇ ಪಾಲು ಯಾಕೆ?' ಕೇಳಲು ನ್ಯಾಯ ಅನಿಸುತ್ತದೆ, ಅಲ್ವಾ? ಆದರೆ ಬಡ್ಡಿ ಪಾಲು ಅಂದರೆ ನೀವು ಕಟ್ಟಿದ ಬಡ್ಡಿಯ ವಾಪಸಾತಿ ಅಲ್ಲ. ನಿಮ್ಮ ಉಳಿತಾಯವನ್ನು ಸಂಘ ಸಾಲವಾಗಿ ಕೊಟ್ಟು ದುಡಿಸಿದ್ದಕ್ಕೆ ಬರುವ ಪ್ರತಿಫಲ. ಸಾಲ ಮುಟ್ಟದ ಸದಸ್ಯೆಯ ಹಣವೇ ನಿಮ್ಮ ಸಾಲದಲ್ಲಿ ಸೇರಿರುತ್ತದೆ. ಪಾಲಿನ ಲೆಕ್ಕ ಸಾಲದ ಪುಟದಿಂದ ಹುಟ್ಟುವುದಿಲ್ಲ, ಉಳಿತಾಯದ ಪುಟದಿಂದ ಹುಟ್ಟುತ್ತದೆ.

ಈ ಸಂಘದ ವರ್ಷದ ಲೆಕ್ಕ ಹೀಗಿತ್ತು ಅನ್ನಿ. ಎಲ್ಲ ಸದಸ್ಯರಿಂದ ಬಂದ ಬಡ್ಡಿ 13,260. ದಂಡ 140. ಬ್ಯಾಂಕ್ ಉಳಿತಾಯ ಖಾತೆಗೆ ಬಂದ ಬಡ್ಡಿ 400. ಒಟ್ಟು ಆದಾಯ 13,800. ಖರ್ಚು 3,000: ಪುಸ್ತಕ ಬರೆಯುವವರ ಗೌರವಧನ 2,400, ಪುಸ್ತಕ ಮತ್ತು ಬ್ಯಾಂಕಿಗೆ ಓಡಾಡಿದ ಬಸ್ ಚಾರ್ಜ್ 600. ಉಳಿದದ್ದು 10,800. ಎಲ್ಲವನ್ನೂ ಹಂಚಲಿಲ್ಲ. ಯಾರಾದರೂ ಸಾಲ ಕಟ್ಟದೆ ಹೋದರೆ ಇರಲಿ ಅಂತ 3,600 ಸಂಘದ ನಿಧಿಗೆ ಇಟ್ಟುಕೊಂಡು, 7,200 ಹಂಚಲು ಸಭೆ ತೀರ್ಮಾನಿಸಿತು.

ಹನ್ನೆರಡು ಜನರಲ್ಲಿ ಹತ್ತು ಜನ ಹಳಬರು, ತಲಾ 7,200 ಉಳಿತಾಯ. ಇಬ್ಬರು ಏಪ್ರಿಲ್‌ನಲ್ಲಷ್ಟೇ ಸೇರಿದವರು, ತಲಾ 2,400. ಸಮ ಪಾಲು ಮಾಡಿದರೆ ಎಲ್ಲರಿಗೂ 600. ಸುಲಭ, ಆದರೆ ಹಳಬರು ಗೊಣಗುತ್ತಾರೆ. ಅವರ ಹಣ ಮೂರು ಪಟ್ಟು ಇದೆಯಲ್ಲ.

ಉಳಿತಾಯಕ್ಕೆ ತಕ್ಕಂತೆ ಹಂಚಿದರೆ ಲೆಕ್ಕ ಬೇರೆ. ಎಲ್ಲರ ಉಳಿತಾಯ ಸೇರಿ 76,800. ಹಂಚುವ 7,200ನ್ನು ಇದರಿಂದ ಭಾಗಿಸಿದರೆ ನೂರು ರೂಪಾಯಿ ಉಳಿತಾಯಕ್ಕೆ 9 ರೂಪಾಯಿ 37 ಪೈಸೆ ಚಿಲ್ಲರೆ ಬೀಳುತ್ತದೆ. ಹಳಬರಿಗೆ ತಲಾ 675, ಹೊಸಬರಿಗೆ ತಲಾ 225. ಹತ್ತು 675, ಎರಡು 225 ಕೂಡಿಸಿ ನೋಡಿ, ಸರಿಯಾಗಿ 7,200 ಬರುತ್ತದೆ. ನನಗೆ ಈ ದಾರಿಯೇ ಸರಿ ಅನಿಸುತ್ತದೆ. ಇನ್ನೂ ಸೂಕ್ಷ್ಮವಾಗಿ, ಪ್ರತಿ ತಿಂಗಳ ಕೊನೆಯ ಉಳಿತಾಯವನ್ನು ಕೂಡಿಸಿ ಆ ಮೊತ್ತಕ್ಕೆ ತಕ್ಕಂತೆ ಹಂಚುವ ಸಂಘಗಳೂ ಇವೆ. ಮಾರ್ಚ್‌ನಲ್ಲಿ ಕಟ್ಟಿದ 200 ವರ್ಷವಿಡೀ ದುಡಿದಿಲ್ಲ ಅನ್ನುವುದು ಅವರ ವಾದ. ವಾದ ಸರಿಯೇ. ಆದರೆ ಆ ಲೆಕ್ಕವನ್ನು ಸಭೆಯಲ್ಲಿ ಎಲ್ಲರಿಗೂ ಅರ್ಥ ಮಾಡಿಸುವುದು ಕಷ್ಟ. ಅರ್ಥವಾಗದ ಲೆಕ್ಕದ ಮೇಲೆ ಅನುಮಾನ ಬೇಗ ಹುಟ್ಟುತ್ತದೆ.

ಅಕ್ಕನಿಗೆ 675 ಬಂತು. ಅವರು ಕಟ್ಟಿದ ಬಡ್ಡಿ 1,238. ಉಳಿದದ್ದು ಎಲ್ಲಿ ಹೋಯಿತು? ಸ್ವಲ್ಪ ಖರ್ಚಿಗೆ, ಸ್ವಲ್ಪ ಸಂಘದ ನಿಧಿಗೆ, ಮಿಕ್ಕದ್ದು ಅವರಿಗಿಂತ ಕಡಿಮೆ ಸಾಲ ಪಡೆದು ಅಷ್ಟೇ ಉಳಿತಾಯ ಮಾಡಿದವರಿಗೆ.

ಪಾಸ್‌ಬುಕ್‌ನಲ್ಲಿ ಇದು ಎಲ್ಲಿ ಕಾಣುತ್ತದೆ? ಎರಡು ರೀತಿ. ನಗದು ಕೊಟ್ಟಿದ್ದರೆ 'ಬಡ್ಡಿ ಪಾಲು 675 ಪಡೆದಿದ್ದಾರೆ' ಅಂತ ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಇರಬೇಕು, ಉಳಿತಾಯ 7,200ರಲ್ಲೇ ನಿಲ್ಲುತ್ತದೆ. ಉಳಿತಾಯಕ್ಕೆ ಸೇರಿಸಿದ್ದರೆ ಒಟ್ಟು 7,875 ಆಗುತ್ತದೆ. ಕೈಗೆ ಬರದೆ, ಉಳಿತಾಯಕ್ಕೂ ಸೇರದೆ, ನಡಾವಳಿಯಲ್ಲಿ ಮಾತ್ರ 'ಹಂಚಲಾಯಿತು' ಅಂತ ಇದ್ದರೆ ಆ ಸಭೆಯಲ್ಲೇ ಕೇಳಿ. ಮುಂದಿನ ವರ್ಷ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

## ಇಡೀ ಸಂಘದ ಲೆಕ್ಕಕ್ಕೆ ತಾಳೆ ನೋಡುವುದು

ನಿಮ್ಮ ಪುಸ್ತಕ ಸರಿ ಇದ್ದರೂ ಸಂಘದ ಲೆಕ್ಕ ಸರಿ ಇರಬೇಕೆಂದಿಲ್ಲ. ವರ್ಷಕ್ಕೊಮ್ಮೆ, ಮಾರ್ಚ್ ಸಭೆ ಆದ ಮೇಲೆ ಬಡ್ಡಿ ಹಂಚುವ ಮುಂಚೆ, ಇದೊಂದು ಲೆಕ್ಕ ಎಲ್ಲರೆದುರು ಹಾಕಿಸಿ. ಒಂದು ಕಡೆ ಹಣ ಎಲ್ಲಿಂದ ಬಂತು: ಎಲ್ಲರ ಉಳಿತಾಯ 76,800, ಈ ವರ್ಷ ಉಳಿದ ಆದಾಯ 10,800, ಹಿಂದಿನ ವರ್ಷಗಳ ನಿಧಿ 6,000. ಒಟ್ಟು 93,600. ಇನ್ನೊಂದು ಕಡೆ ಹಣ ಈಗ ಎಲ್ಲಿದೆ: ಸದಸ್ಯರ ಮೇಲಿನ ಸಾಲ 68,400, ಬ್ಯಾಂಕಿನಲ್ಲಿ 24,700, ಕೈಯಲ್ಲಿ ನಗದು 500. ಇದೂ 93,600. ಎರಡೂ ಕಡೆ ಸಮ ಬರಬೇಕು. ಬ್ಯಾಂಕ್ ಸಾಲವೋ ಒಕ್ಕೂಟದ ಹಣವೋ ಇದ್ದರೆ ಅದನ್ನು ಮೊದಲ ಕಡೆಗೆ ಸೇರಿಸಿ.

ಇದಕ್ಕೆ ಎಲ್ಲ ಹನ್ನೆರಡು ಪಾಸ್‌ಬುಕ್ ಒಟ್ಟಿಗೆ ಬೇಕು. ಪ್ರತಿಯೊಬ್ಬರೂ ತಮ್ಮ ಉಳಿತಾಯ ಮತ್ತು ಸಾಲ ಬಾಕಿ ಓದಿ ಹೇಳಲಿ, ಒಬ್ಬರು ಲೆಡ್ಜರ್‌ನಲ್ಲಿ ಬೆರಳಿಟ್ಟು ನೋಡಲಿ. ಬ್ಯಾಂಕಿನ ಮೊತ್ತವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಸಂಘದ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎಂಟ್ರಿ ಹಾಕಿಸಿಕೊಂಡು ಬರಲು ಹೇಳಿ. ಒಂದೆರಡು ರೂಪಾಯಿ ವ್ಯತ್ಯಾಸ ಪೈಸೆ ಬಿಟ್ಟದ್ದರಿಂದ ಬರಬಹುದು. ನೂರಾರು ರೂಪಾಯಿ ವ್ಯತ್ಯಾಸ ಇದ್ದರೆ ಮೊದಲು ಸಾಲದ ಪುಟಗಳಲ್ಲಿ ಹುಡುಕಿ, ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಸಭೆ ಮುಗಿದ ಮೇಲೆ ಪಾಸ್‌ಬುಕ್ ನಿಮ್ಮ ಮನೆಗೇ ಬರಲಿ. ಎಲ್ಲ ಪುಸ್ತಕ ಒಬ್ಬರ ಮನೆಯಲ್ಲೇ ಇದ್ದರೆ ತಾಳೆ ನೋಡುವುದಕ್ಕೆ ಎರಡನೇ ದಾಖಲೆಯೇ ಇಲ್ಲದ ಹಾಗಾಗುತ್ತದೆ.

## ಸಂಘ ಬಿಟ್ಟರೆ, ಪುಸ್ತಕ ತುಂಬಿದರೆ

ಏಪ್ರಿಲ್ ಸಭೆಗೆ ಅಕ್ಕ ಸಂಘ ಬಿಡುತ್ತೇನೆ ಅಂದರೆ ಅವರಿಗೆ ಬರಬೇಕಾದ್ದೆಷ್ಟು? ಬಡ್ಡಿ ಪಾಲು ಸೇರಿ ಉಳಿತಾಯ 7,875. ಅದರಲ್ಲಿ ಸಾಲ ಬಾಕಿ 2,660 ಮತ್ತು ಏಪ್ರಿಲ್‌ನ ಬಡ್ಡಿ 53 ಕಳೆದರೆ 5,162. ಸಂಘದ ನಿಧಿಯಲ್ಲಿ ಇಟ್ಟ ಹಣದಲ್ಲಿ ಪಾಲು ಸಿಗುತ್ತದಾ ಇಲ್ಲವಾ ಅನ್ನುವುದು ನಿಯಮಾವಳಿಯಲ್ಲಿ ಬರೆದ ಹಾಗೆ. ಸಂಘದ ಹೆಸರಲ್ಲಿ ಬ್ಯಾಂಕ್ ಸಾಲ ಬಾಕಿ ಇದ್ದರೆ, ಅವರು ಪಡೆದ ಭಾಗ ತೀರುವವರೆಗೆ ಲೆಕ್ಕ ಮುಗಿಯುವುದಿಲ್ಲ.

ಬಿಡದೆ ಮುಂದುವರಿದು ಹೊಸ ಪಾಸ್‌ಬುಕ್ ಕೊಟ್ಟರೆ, ಮೊದಲ ಸಾಲಿನಲ್ಲಿ 'ಹಿಂದಿನ ಪುಸ್ತಕದಿಂದ' ಅಂತ ಬರೆಸಿ: ಉಳಿತಾಯ 7,875, ಸಾಲ ಬಾಕಿ 2,660, ಬಡ್ಡಿ ಬಾಕಿ ಇಲ್ಲ. ಪಕ್ಕದಲ್ಲಿ ಪ್ರತಿನಿಧಿಗಳ ಸಹಿ ಹಾಕಿಸಿ. ಹಳೇ ಪುಸ್ತಕವನ್ನು ವಾಪಸ್ ಕೊಡಬೇಡಿ. ಆ 2,660 ಎಲ್ಲಿಂದ ಬಂತು ಅಂತ ತೋರಿಸುವ ಸಾಲುಗಳು ಇರುವುದು ಅದರಲ್ಲೇ.